ಸೂರಿಗೆ ನೀಲಿ ಬಳಿದರೆ ಕೋಣೆ ಕುಳ್ಳಗಾಗುತ್ತದೆಯೇ?

ದೆಹಲಿಯ ಸುತ್ತಮುತ್ತ ಮನೆಗೆ ಬಣ್ಣ ಹೊಡೆಸಿದವರಿಗೆಲ್ಲ ಒಂದು ಅನುಭವ ಆಗಿರುತ್ತದೆ. ಗೋಡೆಗೆ ಯಾವ ಬಣ್ಣ ಎಂದು ಕೇಳುವ ಪೇಂಟರ್ ಸೀಲಿಂಗ್‌ಗೆ ಯಾವುದು ಎಂದು ಕೇಳುವುದೇ ಇಲ್ಲ. ನಾವಾಗಿಯೇ ಬಾಯಿ ಬಿಟ್ಟರೆ ‘ಛತ್ ತೋ ಸಫೇದ್ ಹೀ ಹೋತೀ ಹೈ ಸಾಬ್’ ಎಂಬ ಉತ್ತರ ಬರುತ್ತದೆ. ಸೂರು ಎಂದರೆ ಬಿಳಿ, ಅದರಲ್ಲಿ ಕೇಳುವುದೇನಿದೆ ಎಂಬ ಧಾಟಿ.

ನಮ್ಮ ಮನೆಯಲ್ಲಿ ಆ ಪ್ರಶ್ನೆ ಎದ್ದಿದ್ದು ಅಮ್ಮನಿಂದಾಗಿ. ಅಪ್ಪ ಹೋದ ಮೇಲೆ ಸಾಗರದ ಮನೆಗೆ ಬೀಗ ಹಾಕಿ ಅವರು ನೋಯ್ಡಾದ ನಮ್ಮ ಫ್ಲ್ಯಾಟಿಗೆ ಬಂದರು. ಮೂರನೇ ತರಗತಿಯ ಮಗಳು ಅಜ್ಜಿಯ ಜತೆ ತನ್ನ ಕೋಣೆ ಹಂಚಿಕೊಂಡಳು. ‘ಮಲಗಿದರೆ ಸೂರು ಎದೆ ಮೇಲೆ ಕೂತ ಹಾಗಾಗುತ್ತೆ ಕಣೋ’ ಎಂದು ಅಮ್ಮ ಎರಡು ಸಲ ಹೇಳಿದರು. ಎರಡಕ್ಕಿಂತ ಹೆಚ್ಚು ಸಲ ಹೇಳುವ ಸ್ವಭಾವ ಅವರದ್ದಲ್ಲ. ಬಣ್ಣ ಹೊಡೆಸುವ ಸಮಯ ಬಂದಾಗ ಮಗಳು ತನ್ನ ಬೇಡಿಕೆ ಇಟ್ಟಳು: ಸೀಲಿಂಗ್‌ಗೆ ರಾತ್ರಿಯಾಕಾಶದ ಕಡುನೀಲಿ, ಅದರ ತುಂಬ ನಕ್ಷತ್ರ. ಒಂದೇ ಸೂರಿನ ಕೆಳಗೆ ಎರಡು ಅರ್ಜಿ. ಒಂದು ಸೂರನ್ನು ಮೇಲಕ್ಕೆ ತಳ್ಳು ಎನ್ನುತ್ತಿತ್ತು, ಇನ್ನೊಂದು ಅದನ್ನು ಕತ್ತಲು ಮಾಡು ಎನ್ನುತ್ತಿತ್ತು.

ಕೋಣೆಯ ಲೆಕ್ಕ ಇಷ್ಟು. ಉದ್ದ 11 ಅಡಿ, ಅಗಲ 10 ಅಡಿ, ಫಾಲ್ಸ್ ಸೀಲಿಂಗ್ ಕಳೆದು ಎತ್ತರ 9 ಅಡಿ, ಅಂದರೆ ಸುಮಾರು 2.74 ಮೀಟರ್. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕೇಳುವ ಕನಿಷ್ಠ ಎತ್ತರ 2.75 ಮೀಟರ್. ಎ.ಸಿ. ಇರುವ ಕೋಣೆಯಲ್ಲಿ ಫಾಲ್ಸ್ ಸೀಲಿಂಗ್‌ವರೆಗೆ 2.4 ಮೀಟರ್ ಇದ್ದರೂ ಸಾಕು ಎನ್ನುತ್ತದೆ. ಹಾಗಾಗಿ ಕೋಣೆ ನಿಯಮದ ಒಳಗೇ ಇದೆ, ಆದರೆ ಕಳೆದುಕೊಳ್ಳಲು ಒಂದಂಗುಲವೂ ಇಲ್ಲ. ಇಂಥ ಕೋಣೆಯಲ್ಲಿ ಕಣ್ಣಿಗೆ ಕಾಣುವ ಎತ್ತರ ಟೇಪಿನ ಎತ್ತರದಷ್ಟೇ ಮುಖ್ಯವಾಗುತ್ತದೆ.

ಕಡುಬಣ್ಣದ ಸೂರು ಕೆಳಗಿಳಿದಂತೆ ಕಾಣುತ್ತದೆ ಎಂಬುದು ಹಳೆಯ ಮಾತು. ಮಲೆನಾಡಿನ ಮನೆಗಳ ಮರದ ಮುಚ್ಚಿಗೆಯ ಕೆಳಗೆ ಓಡಾಡಿದವರಿಗೆ ಅದನ್ನು ವಿವರಿಸಬೇಕಿಲ್ಲ. ಆದರೆ ಆ ಮಾತಿನ ಜತೆಗೆ ಇನ್ನೊಂದು ಸಲಹೆಯೂ ಸೇರಿಕೊಂಡಿದೆ: ಗೋಡೆಗಿಂತ ಸೀಲಿಂಗ್ ತಿಳಿಯಾಗಿದ್ದರೆ ಸಾಕು, ಆ ವ್ಯತ್ಯಾಸವೇ ಸೂರನ್ನು ಮೇಲೆತ್ತುತ್ತದೆ ಎಂದು. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಒಬರ್‌ಫೆಲ್ಡ್, ಹೆಕ್ಟ್ ಮತ್ತು ಗಾಮರ್ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಮೂಡಿಸಿದ ಮೂರು ಆಯಾಮದ ಕೋಣೆಗಳನ್ನು ಜನರಿಗೆ ತೋರಿಸಿ ಎತ್ತರ ಅಂದಾಜು ಮಾಡಿಸಿದರು. ಸೀಲಿಂಗ್ ತಿಳಿಯಾದಷ್ಟೂ ಕೋಣೆ ಎತ್ತರವಾಗಿ ಕಂಡಿತು. ಗೋಡೆ ತಿಳಿಯಾದಾಗಲೂ ಹಾಗೆಯೇ ಆಯಿತು. ಎರಡರ ಪರಿಣಾಮ ಒಂದಕ್ಕೊಂದು ಕೂಡಿಕೊಂಡಿತು. ನೆಲ ತಿಳಿಯೋ ಗಾಢವೋ ಎಂಬುದರಿಂದ ಎತ್ತರದ ಅಂದಾಜು ಬದಲಾಗಲಿಲ್ಲ. ಗೋಡೆ ಮತ್ತು ಸೂರಿನ ನಡುವಿನ ವ್ಯತ್ಯಾಸಕ್ಕೆ ತನ್ನದೇ ಆದ ಶಕ್ತಿ ಇರಲಿಲ್ಲ.

ಇದರಿಂದ ಮನೆ ಮಟ್ಟದಲ್ಲಿ ಒಂದು ಸ್ಪಷ್ಟ ತೀರ್ಮಾನ ಸಿಗುತ್ತದೆ. ಬಿಳಿ ಸೀಲಿಂಗ್ ಎದ್ದು ಕಾಣಲಿ ಎಂದು ಗೋಡೆಯನ್ನು ಕಡು ಮಾಡಿದರೆ ಎತ್ತರ ಕಡಿಮೆಯಾಗಿಯೇ ಕಾಣುತ್ತದೆ. ಸೂರು ಬಿಳಿಯೇ ಇರಬೇಕೆಂಬ ನಿಯಮವೂ ಇಲ್ಲ. ಬೇಕಿರುವುದು ತಿಳಿತನ. ನೀಲಿ, ಹಸಿರು, ಗುಲಾಬಿ ಯಾವುದೇ ಆಗಲಿ, ಅದು ಎಷ್ಟು ಬೆಳಕನ್ನು ವಾಪಸು ಕೊಡುತ್ತದೆ ಎಂಬುದನ್ನು ಮೊದಲು ನೋಡಬೇಕು.

ಆ ಪ್ರಮಾಣವನ್ನು ಪೇಂಟ್ ಕಂಪನಿಗಳು ಎಲ್‌ಆರ್‌ವಿ ಎಂಬ ಸಂಖ್ಯೆಯಲ್ಲಿ ಕೊಡುತ್ತವೆ. ಶೇಡ್ ಕಾರ್ಡಿನಲ್ಲಿ ಇಲ್ಲದಿದ್ದರೆ ಅಂಗಡಿಯವರನ್ನು ಕೇಳಬಹುದು, ಹಲವು ಕಂಪನಿಗಳ ವೆಬ್‌ಸೈಟಿನಲ್ಲೂ ಸಿಗುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ ಎಷ್ಟು ಮರಳಿ ಬರುತ್ತದೆ ಎಂಬುದೇ ಈ ಸಂಖ್ಯೆ. ಸೀಲಿಂಗ್‌ನ ಬಿಳಿಗೆ 85ರ ಆಸುಪಾಸು, ಹಾಲಿಗೆ ಒಂದೆರಡು ಹನಿ ನೀಲಿ ಬಿದ್ದಂಥ ತಿಳಿನೀಲಿಗೆ 70, ಮಗಳು ಕೇಳಿದ ಕಡುನೀಲಿಗೆ 8. ಆದರೆ ಕಣ್ಣು ಈ ಸಂಖ್ಯೆಯನ್ನು ನೇರವಾಗಿ ಓದುವುದಿಲ್ಲ. ನಮಗೆ ಕಾಣುವ ತಿಳಿತನವನ್ನು ಅಳೆಯಲು ಬಣ್ಣ ವಿಜ್ಞಾನದಲ್ಲಿ ಬಳಸುವ ಸೂತ್ರ ಹೀಗಿದೆ:

L* = 116 × (LRV/100)^(1/3) − 16

ಇದಕ್ಕೆ ಸಂಖ್ಯೆ ಹಾಕಿದರೆ ಬಿಳಿಗೆ 94, ತಿಳಿನೀಲಿಗೆ 87, ಕಡುನೀಲಿಗೆ 34 ಬರುತ್ತದೆ. ಬಿಳಿಯಿಂದ ತಿಳಿನೀಲಿಗೆ ಹೋದಾಗ ಕಣ್ಣಿಗೆ ಆಗುವ ನಷ್ಟ ಏಳು ಅಂಕ ಮಾತ್ರ. ಕಡುನೀಲಿಯಲ್ಲಿ ಅದು ಅರವತ್ತು ಅಂಕ. ‘ಬಿಳಿ ಅಲ್ಲದ ಬಣ್ಣ’ ಎಂದು ನಾವು ಒಂದೇ ಪಟ್ಟಿಗೆ ಸೇರಿಸುವ ಎರಡು ನೀಲಿಗಳ ನಡುವೆ ಇಷ್ಟು ದೂರವಿದೆ.

ಕಡು ಸೂರಿನ ತೊಂದರೆ ಸೂರಿನಲ್ಲೇ ನಿಲ್ಲುವುದಿಲ್ಲ. ಕಿಟಕಿಯಿಂದ ಬಂದ ಬೆಳಕು ನೆಲ, ಗೋಡೆ, ಸೂರುಗಳ ನಡುವೆ ಪುಟಿಯುತ್ತಾ ಕೋಣೆ ತುಂಬುತ್ತದೆ. ಎಲ್ಲ ಮೇಲ್ಮೈಗಳ ಪ್ರತಿಫಲನದ ಸರಾಸರಿ ತೆಗೆದು ಇದನ್ನು ಸ್ಥೂಲವಾಗಿ ಲೆಕ್ಕ ಹಾಕಬಹುದು. ನಮ್ಮ ಕೋಣೆಯಲ್ಲಿ ಸೂರು 110 ಚದರಡಿ, ನೆಲ 110, ನಾಲ್ಕು ಗೋಡೆ ಸೇರಿ 378. ಗೋಡೆ ತೆಳು ಕೆನೆಬಣ್ಣ, ಅದಕ್ಕೆ 70 ಇಟ್ಟುಕೊಂಡೆ. ಮಂಚ, ಬೀರು ಸೇರಿಸಿ ನೆಲಕ್ಕೆ 30. ಸೂರು ಬಿಳಿಯಾಗಿದ್ದರೆ ಸರಾಸರಿ 65, ತಿಳಿನೀಲಿಗೆ 63, ಕಡುನೀಲಿಗೆ 51. ಪ್ರತಿ ಪುಟಿತದಲ್ಲೂ ಈ ಸರಾಸರಿಯಷ್ಟು ಮಾತ್ರ ಉಳಿಯುವುದರಿಂದ, ಬಿಳಿಗೆ ಹೋಲಿಸಿದರೆ ಕೋಣೆಯ ಒಟ್ಟು ಬೆಳಕು ತಿಳಿನೀಲಿಯಲ್ಲಿ ನೂರಕ್ಕೆ ಏಳರಷ್ಟು ಇಳಿಯುತ್ತದೆ. ಕಡುನೀಲಿಯಲ್ಲಿ ಇಳಿಕೆ ನೂರಕ್ಕೆ 29. ಅಂದರೆ ಸೂರು ಕಪ್ಪಾಗುವುದರ ಜತೆಗೆ ಗೋಡೆಯೂ ಮಂಕಾಗುತ್ತದೆ. ನಮ್ಮ ಫ್ಲ್ಯಾಟಿನಂತೆ ಎದುರಿಗೇ ಇನ್ನೊಂದು ಟವರ್ ನಿಂತು ಆಕಾಶ ಮುಚ್ಚಿದ್ದರೆ, ಜನವರಿಯ ಮಂಜಿನ ಮಧ್ಯಾಹ್ನ ಇದು ಚೆನ್ನಾಗಿಯೇ ಗೊತ್ತಾಗುತ್ತದೆ.

ಲೆಕ್ಕ ಆದ ಮೇಲೂ ಕಣ್ಣಿನ ಪರೀಕ್ಷೆ ಬೇಕು. ಕಾರ್ಡಿನ ಮೇಲಿನ ಬಣ್ಣ ಸೂರಿಗೇರಿದಾಗ ಒಂದು ಪಟ್ಟು ಗಾಢವಾಗಿ ಕಾಣುತ್ತದೆ. ಕಾರ್ಡನ್ನು ನಾವು ಕಿಟಕಿಯ ನೇರ ಬೆಳಕಿನಲ್ಲಿ ಹಿಡಿಯುತ್ತೇವೆ. ಸೂರಿಗೆ ಹಗಲಲ್ಲಿ ಸಿಗುವುದು ಹೆಚ್ಚಾಗಿ ನೆಲ ಮತ್ತು ಗೋಡೆಯಿಂದ ಪುಟಿದ ಬೆಳಕು. ಆದ್ದರಿಂದ ಇಷ್ಟವಾದ ಬಣ್ಣಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನು ಆರಿಸುವುದು ಕ್ಷೇಮ. ನಾನು ಸಣ್ಣ ಡಬ್ಬಿ ತಂದು ನಾಲ್ಕು ದಪ್ಪ ಚಾರ್ಟ್ ಹಾಳೆಗಳಿಗೆ ಎರಡೆರಡು ಕೋಟ್ ಹೊಡೆದು, ಒಣಗಿದ ಮೇಲೆ ಒಂದಕ್ಕೊಂದು ಹೊಂದಿಸಿ ಸೂರಿಗೆ ಟೇಪಿನಿಂದ ಅಂಟಿಸಿದೆ. ಅಂಗೈಯಗಲದ ತುಂಡು ಬಿಳಿಯ ನಡುವೆ ಕಲೆಯಂತೆ ಕಾಣುತ್ತದೆಯೇ ಹೊರತು ಏನನ್ನೂ ಹೇಳುವುದಿಲ್ಲ. ಬೆಳಗ್ಗೆ, ಮೂರು ಗಂಟೆಗೆ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿದೆವು. ಬಾಗಿಲಲ್ಲಿ ನಿಂತು ನೋಡಿದ್ದಕ್ಕಿಂತ ಅಮ್ಮ ಮಂಚದಲ್ಲಿ ಮಲಗಿ ನೋಡಿದ್ದಕ್ಕೆ ಹೆಚ್ಚು ಬೆಲೆ, ಏಕೆಂದರೆ ತೊಂದರೆ ಇದ್ದದ್ದು ಅಲ್ಲಿ. ಪಕ್ಕದಲ್ಲೇ ಅಂಟಿಸಿದ್ದ ಕಡುನೀಲಿಯ ಹಾಳೆಯನ್ನು ನೋಡಿ ‘ಇದು ಗುಂಡಿಯ ಹಾಗಿದೆ, ಬೇಡ ಮಾರಾಯ’ ಎಂದರು. ತಿಳಿನೀಲಿಯ ಬಗ್ಗೆ ತಕರಾರು ಇರಲಿಲ್ಲ.

ಬಳಿಯುವಾಗ ಎರಡು ಕಡೆ ಎಚ್ಚರ ಬೇಕು. ಮೊದಲನೆಯದು ಅಂಚು. ಬಿಲ್ಡರ್ ಫ್ಲ್ಯಾಟುಗಳಲ್ಲಿ ಗೋಡೆ ಮತ್ತು ಸೂರು ಸೇರುವ ಗೆರೆ ನೆಟ್ಟಗಿರುವುದಿಲ್ಲ. ಎರಡೂ ತಿಳಿಯಾಗಿದ್ದಾಗ ಅದು ಮುಚ್ಚಿಹೋಗಿರುತ್ತದೆ, ಸೂರಿಗೆ ಬಣ್ಣ ಬಂದ ತಕ್ಷಣ ಹಾವಿನಂತೆ ಎದ್ದು ಕಾಣುತ್ತದೆ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಬಿಗಿಯಾಗಿ ಹಿಡಿದು ನೇರ ಗೆರೆ ಹಾಕಿಸಿ, ಅದರಗುಂಟ ಟೇಪ್ ಅಂಟಿಸಿ ಬಳಿಸಬೇಕು. ಎರಡನೆಯದು ಪಟ್ಟೆ. ಬಿಳಿಯಲ್ಲಿ ಕಾಣದ ರೋಲರ್ ಗುರುತು ಬಣ್ಣದಲ್ಲಿ ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಪೇಂಟನ್ನೇ ಬಳಸಬೇಕು, ಫ್ಯಾನ್ ಆರಿಸಿ, ಒಂದು ಪಟ್ಟೆಯ ಅಂಚು ಒಣಗುವ ಮೊದಲೇ ಪಕ್ಕದ ಪಟ್ಟೆ ಎಳೆಯಬೇಕು. ಕೊನೆಯ ಕೋಟನ್ನು ಕಿಟಕಿಯಿಂದ ಬೆಳಕು ಬರುವ ದಿಕ್ಕಿಗೇ ಎಳೆದರೆ ಗುರುತು ಕಡಿಮೆ ಕಾಣುತ್ತದೆ. ಸೂರಿಗೆ ಹೊಳಪಿನ ಪೇಂಟ್ ಬಳಿದರೆ ಪುಟ್ಟಿಯ ಪ್ರತಿ ಉಬ್ಬುತಗ್ಗೂ ಟ್ಯೂಬ್‌ಲೈಟ್ ಹಾಕಿದೊಡನೆ ಬಯಲಾಗುತ್ತದೆ.

ಕಡು ಸೂರು ಎಲ್ಲೆಲ್ಲೂ ಕೆಟ್ಟದ್ದೇನಲ್ಲ. ರಾಷ್ಟ್ರಪತಿ ಭವನದ ಅಶೋಕ ಮಂಟಪಕ್ಕೆ ಹೋದವರು ತಲೆಯೆತ್ತಿ ನೋಡಿರುತ್ತಾರೆ. 2024ರವರೆಗೆ ಅಶೋಕ ಹಾಲ್ ಎಂದಿದ್ದ ಆ ಸಭಾಂಗಣದ ನಡುಸೂರಿನಲ್ಲಿ ಪರ್ಷಿಯಾದ ಫತ್ ಅಲಿ ಶಾ ಬೇಟೆಯಾಡುವ ಚಿತ್ರವಿದೆ. 1930ರ ದಶಕದಲ್ಲಿ ವೈಸ್‌ರಾಯ್ ವಿಲಿಂಗ್ಡನ್ ಅವರ ಪತ್ನಿ ಇಟಲಿಯ ಕಲಾವಿದ ಕೊಲೊನ್ನೆಲ್ಲೊ ಅವರಿಂದ ಸುತ್ತಲಿನ ಸೂರನ್ನೂ ಚಿತ್ರಗಳಿಂದ ತುಂಬಿಸಿದರು. ಅಷ್ಟು ಬಣ್ಣವಿದ್ದರೂ ಅಲ್ಲಿ ಉಸಿರು ಕಟ್ಟುವುದಿಲ್ಲ. ಖರ್ಚು ಮಾಡಲು ಅಲ್ಲಿ ಎತ್ತರ ಬೇಕಾದಷ್ಟಿದೆ. ನಮ್ಮ ಮಟ್ಟದಲ್ಲಿ ಹನ್ನೆರಡು ಅಡಿ ಎತ್ತರದ ಹಳೆಯ ಮನೆಯ ಹಜಾರವೋ, ಬಾವಿಯಂತೆ ಕಾಣುವ ಕಿರಿದಾದ ಓಣಿಯೋ ಇದ್ದರೆ ಗಾಢ ಬಣ್ಣ ಸೂರನ್ನು ಒಂದಿಷ್ಟು ಕೆಳಗಿಳಿಸಿ ಉಪಕಾರವನ್ನೇ ಮಾಡುತ್ತದೆ. ಒಂಬತ್ತು ಅಡಿಯ ಮಲಗುವ ಕೋಣೆಗೆ ಆ ಚೈನಿ ಇಲ್ಲ.

ತಿಳಿಬಣ್ಣ ಸೂರನ್ನು ಟೇಪಿನ ಅಳತೆಗಿಂತ ಮೇಲೆತ್ತುತ್ತದೆ ಎಂದೂ ನಂಬಬಾರದು. ಅದು ಬಿಳಿಗೆ ಹತ್ತಿರ ನಿಲ್ಲುತ್ತದೆ, ಅಷ್ಟೇ. ನಮ್ಮಲ್ಲಿ ಬಳಿದ ಮೇಲೆ ಮೊಬೈಲಿನ ಲಕ್ಸ್ ಮೀಟರಿನಲ್ಲಿ ಅಳೆದರೆ ಬೆಳಕು ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ದೆಹಲಿಯ ಧೂಳು, ಹೊಗೆ ಕುಡಿದ ಹಳೆಯ ಬಿಳಿ ಅದಾಗಲೇ ಅಷ್ಟು ಮಾಸಿತ್ತು. ಅಮ್ಮನಿಗೆ ನಿಜವಾಗಿ ನೆರವಾದದ್ದು ಸೂರು, ಗೋಡೆ ಎರಡೂ ಹೊಸದಾಗಿ ತಿಳಿಯಾದದ್ದು, ಜತೆಗೆ ಕಿಟಕಿಗೆ ಅಡ್ಡವಿದ್ದ ಬೀರುವನ್ನು ಪಕ್ಕಕ್ಕೆ ಸರಿಸಿದ್ದು. ಮಗಳ ರಾತ್ರಿಯಾಕಾಶಕ್ಕೆ ಕಡುನೀಲಿಯ ಅಗತ್ಯವೇ ಬೀಳಲಿಲ್ಲ. ದೀಪ ಆರಿಸಿದ ಮೇಲೆ ಎಲ್ಲ ಸೂರೂ ಕಪ್ಪೇ. ತಿಳಿನೀಲಿಯ ಮೇಲೆ ಅಂಟಿಸಿದ ರೇಡಿಯಂ ನಕ್ಷತ್ರಗಳು ಅಲ್ಲೂ ಅಷ್ಟೇ ಹೊಳೆಯುತ್ತವೆ.