ಪ್ರೀತಿಯ ಪ್ರಶ್ನೆಗೆ ನಾಣ್ಯದ ಉತ್ತರ

ಟ್ಯಾರೋದಲ್ಲಿ ಕಪ್ಸ್ ಎಂದರೆ ಭಾವನೆ. ಪೆಂಟಕಲ್ಸ್ ಎಂದರೆ ದುಡ್ಡು, ದುಡಿಮೆ, ಮನೆ, ಆಸ್ತಿ. ಹಾಗಾಗಿ ಪ್ರೀತಿಯ ಬಗ್ಗೆ ಕೇಳಿದಾಗ ಒಂದೂ ಕಪ್ಸ್ ಬಾರದೆ ಪೆಂಟಕಲ್ಸೇ ತುಂಬಿಕೊಂಡರೆ ಕೇಳಿದವರಿಗೆ ಎದೆ ಧಸಕ್ಕೆನ್ನುತ್ತದೆ: ಅವನಿಗೆ ನನ್ನ ಮೇಲೆ ಮನಸ್ಸೇ ಇಲ್ಲವೇ?

ಸ್ವಲ್ಪ ಲೆಕ್ಕ ಹಾಕಿ ನೋಡೋಣ. 78 ಎಲೆಗಳಲ್ಲಿ ಕಪ್ಸ್ 14 ಮಾತ್ರ. ಐದು ಎಲೆ ತೆಗೆದರೆ ಒಂದೂ ಕಪ್ಸ್ ಬಾರದಿರುವುದು ನೂರಕ್ಕೆ ಸುಮಾರು 36 ಸಲ. ಅಂದರೆ ಇದು ಮಾಮೂಲು. ಐದರಲ್ಲಿ ಮೂರೋ ಹೆಚ್ಚೋ ಪೆಂಟಕಲ್ಸ್ ಬರುವುದು ಮಾತ್ರ ನೂರಕ್ಕೆ ಸುಮಾರು ನಾಲ್ಕು ಸಲ. ಓದಬೇಕಾದದ್ದು ಇಲ್ಲದ್ದನ್ನಲ್ಲ, ಇರುವುದನ್ನು.

ಮದುವೆಯ ಪ್ರಶ್ನೆಗೆ ಪೆಂಟಕಲ್ಸಿನ ನಾಲ್ಕು, ಎಂಟು, ಹತ್ತು ಬಂದವು ಎನ್ನಿ. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳಲ್ಲಿ ನಾಲ್ಕರವನು ನಾಣ್ಯವೊಂದನ್ನು ಎದೆಗವುಚಿ ಕೂತಿದ್ದಾನೆ, ಪಾದಗಳ ಕೆಳಗೆ ಇನ್ನೆರಡು. ಎಂಟರವನು ಊರಿನಿಂದ ದೂರ ಕೂತು ನಾಣ್ಯ ಕೆತ್ತುತ್ತಿದ್ದಾನೆ. ಹತ್ತರಲ್ಲಿ ಅಜ್ಜ, ದಂಪತಿ, ಮಗು, ಎರಡು ನಾಯಿ: ತುಂಬಿದ ಮನೆ. ಮೂರನ್ನೂ ಸೇರಿಸಿ ಓದಿದರೆ, ಸಂಸಾರ ಬೇಕೆನ್ನುವವನೇ, ಆದರೆ ಕೈ ಭದ್ರವಾಗುವವರೆಗೆ ಬಾಯಿ ಬಿಡದವನು. ನಾಲ್ಕು ತಲೆಕೆಳಗಾಗಿ ಬಂದಿದ್ದರೆ ಹಿಡಿತ ಸಡಿಲುತ್ತಿದೆ ಎಂದು ಹಲವರು ಓದುತ್ತಾರೆ.

ತಪ್ಪುವುದು ಇಲ್ಲೇ: ಕಪ್ಸ್ ಬರುವವರೆಗೆ ಮತ್ತೆ ಮತ್ತೆ ಕಲಸುವುದು. ಎಲೆಗಳು ಭವಿಷ್ಯ ಹೇಳುತ್ತವೆ ಎನ್ನುವುದಕ್ಕೆ ಪುರಾವೆಯಿಲ್ಲ. ಮನೆ ಬಾಡಿಗೆ, ಸಾಲ, ಅಪ್ಪ-ಅಮ್ಮನ ಜವಾಬ್ದಾರಿಯ ಬಗ್ಗೆ ಇಬ್ಬರೂ ಮಾತಾಡಿದ್ದೀರಾ ಎಂದು ಕೇಳಲು ಈ ಮೂರು ಎಲೆ ಸಾಕು.