ಮಣಿಕಟ್ಟಿನ ಮೇಲೊಂದು ವೇಳಾಪಟ್ಟಿ

ಮ್ಯಾರಥಾನ್ ಓಟಗಾರರ ಮಣಿಕಟ್ಟಿನಲ್ಲಿ ಕೆಲವೊಮ್ಮೆ ಗಡಿಯಾರದ ಜೊತೆಗೆ ಅಂಕಿಗಳು ತುಂಬಿದ ಒಂದು ಕಾಗದದ ಪಟ್ಟಿಯೂ ಕಾಣುತ್ತದೆ. ಅದನ್ನು ಪೇಸ್ ಬ್ಯಾಂಡ್ ಎನ್ನುತ್ತಾರೆ. ಇಷ್ಟು ಹೊತ್ತಿನಲ್ಲಿ ಓಟ ಮುಗಿಸಬೇಕೆಂಬ ಗುರಿ ಇದ್ದರೆ, ಪ್ರತಿ ಕಿಲೋಮೀಟರ್ ಫಲಕವನ್ನು ದಾಟುವಾಗ ಗಡಿಯಾರ ಎಷ್ಟು ತೋರಿಸಬೇಕು ಎಂಬುದನ್ನು ಈ ಪಟ್ಟಿ ಹೇಳುತ್ತದೆ. ಅದರಲ್ಲಿರುವುದು ಆಯಾ ಕಿ.ಮೀ.ಗೆ ತಗಲುವ ಸಮಯವಲ್ಲ, ಓಟ ಶುರುವಾದಾಗಿನಿಂದ ಕೂಡಿಬಂದ ಒಟ್ಟು ಸಮಯ. ದಣಿದ ತಲೆಗೆ 27 ಕಿ.ಮೀ.ಯನ್ನು ಪೇಸ್‌ನಿಂದ ಗುಣಿಸುವುದು ಕಷ್ಟ. ಎರಡು ಅಂಕಿಗಳನ್ನು ಹೋಲಿಸಿ ನೋಡುವುದು ಸುಲಭ.

ಪಟ್ಟಿಯ ಮೊದಲ ಅಂಕಿ ಗುರಿ ಸಮಯ. ಅದು ಆಸೆಯ ಮೇಲೆ ನಿಂತರೆ ಉಳಿದ ಲೆಕ್ಕವೆಲ್ಲ ವ್ಯರ್ಥ. ಪೀಟರ್ ರೀಗೆಲ್ ಎಂಬ ಅಮೆರಿಕದ ಎಂಜಿನಿಯರ್ 1977ರಲ್ಲಿ ಪ್ರಕಟಿಸಿದ ಸೂತ್ರ ಇದಕ್ಕೆ ಇಂದಿಗೂ ಬಳಕೆಯಲ್ಲಿದೆ. ದೂರ ಎರಡು ಪಟ್ಟಾದಾಗ ಸಮಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಸುಮಾರು 2.085 ಪಟ್ಟು ಆಗುತ್ತದೆ ಎಂಬುದು ಅದರ ಸಾರ. ಹಾಫ್ ಮ್ಯಾರಥಾನನ್ನು 1 ಗಂಟೆ 55 ನಿಮಿಷದಲ್ಲಿ ಓಡುವವರಿಗೆ ಈ ಲೆಕ್ಕದಲ್ಲಿ ಪೂರ್ಣ ಮ್ಯಾರಥಾನ್ 4 ಗಂಟೆಯ ಒಳಗೆ ಮುಗಿಯುತ್ತದೆ. ಹಾಫ್‌ಗೆ 2 ಗಂಟೆ ಬೇಕಾಗುವವರಿಗೆ ಸುಮಾರು 4 ಗಂಟೆ 10 ನಿಮಿಷ ಬೇಕು. ವಾರದ ಉದ್ದ ಓಟಗಳನ್ನು ಕಡಿಮೆ ಮಾಡಿದವರಿಗೆ ಇದಕ್ಕಿಂತಲೂ ಹೆಚ್ಚು ಹೊತ್ತು ಹಿಡಿಯಬಹುದು. ಇಲ್ಲಿ 4 ಗಂಟೆಯ ಗುರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಮ್ಯಾರಥಾನ್‌ನ ದೂರ 42.195 ಕಿ.ಮೀ. ನಾಲ್ಕು ಗಂಟೆ ಎಂದರೆ 14,400 ಸೆಕೆಂಡ್. ಭಾಗಿಸಿದರೆ ಪ್ರತಿ ಕಿ.ಮೀ.ಗೆ 341.27 ಸೆಕೆಂಡ್, ಅಂದರೆ 5 ನಿಮಿಷ 41.27 ಸೆಕೆಂಡ್ ಬರುತ್ತದೆ. ಮೊದಲ ಸಲ ಬ್ಯಾಂಡ್ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ. ಅವರು ಇದನ್ನು 5:42 ಎಂದು ಮೇಲಕ್ಕೆ ಸರಿಸಿ, ಒಂದರ ಮೇಲೊಂದರಂತೆ 42 ಸಲ ಕೂಡುತ್ತಾರೆ. ಒಂದು ಕಿ.ಮೀ.ಯಲ್ಲಿ ಮುಕ್ಕಾಲು ಸೆಕೆಂಡಿನಷ್ಟೂ ಇಲ್ಲದ ವ್ಯತ್ಯಾಸ ಕೂಡುತ್ತಾ ಹೋಗಿ, ಆ ಪಟ್ಟಿಯನ್ನು ಚಾಚೂ ತಪ್ಪದೆ ಪಾಲಿಸಿದವರು 4 ಗಂಟೆ 31 ಸೆಕೆಂಡಿಗೆ ಓಟ ಮುಗಿಸುತ್ತಾರೆ. 5:41 ಎಂದು ಕೆಳಕ್ಕೆ ಸರಿಸಿದರೆ 3:59:48 ಆಗುತ್ತದೆ. ಗುರಿ ತಪ್ಪುವುದಿಲ್ಲ, ಆದರೆ ಪಟ್ಟಿಯ ಅಂಕಿಗಳು ನಿಜವಾದ ಲೆಕ್ಕಕ್ಕೆ ಹೊಂದುವುದಿಲ್ಲ. ಆದ್ದರಿಂದ ಹಿಂದಿನ ಸಾಲಿಗೆ ಕೂಡುತ್ತಾ ಹೋಗಬಾರದು. ಪ್ರತಿ ಸಾಲಿನಲ್ಲೂ ಕಿ.ಮೀ. ಸಂಖ್ಯೆಯನ್ನು ಪೂರ್ಣ ದಶಮಾಂಶದಿಂದ ಗುಣಿಸಿ, ಕೊನೆಯಲ್ಲಿ ಮಾತ್ರ ಹತ್ತಿರದ ಸೆಕೆಂಡಿಗೆ ಸರಿಹೊಂದಿಸಬೇಕು.

ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಇದು ಒಂದೇ ಸೂತ್ರದ ಕೆಲಸ. A ಕಾಲಂನ ಎರಡನೇ ಸಾಲಿನಿಂದ 1, 2, 3 ಎಂದು 42ರವರೆಗೆ ಬರೆದು, ಪಕ್ಕದಲ್ಲಿ ಈ ಸೂತ್ರ ಹಾಕಿ ಕೆಳಗಿನವರೆಗೆ ಎಳೆದರೆ ಸಾಕು:

```
=ROUND(A2*14400/42.195,0)/86400
```

ಕೊನೆಯ 86400 ಒಂದು ದಿನದಲ್ಲಿರುವ ಸೆಕೆಂಡುಗಳ ಸಂಖ್ಯೆ. ಸ್ಪ್ರೆಡ್‌ಶೀಟ್ ಸಮಯವನ್ನು ದಿನದ ಭಾಗವಾಗಿ ಎಣಿಸುವುದರಿಂದ ಅದು ಬೇಕಾಗುತ್ತದೆ. ಆ ಕಾಲಂಗೆ `h:mm:ss` ರೂಪ ಕೊಡಬೇಕು. `mm:ss` ಕೊಟ್ಟರೆ ಗಂಟೆಯೇ ಕಾಣದೆ, 2:22:12 ಎಂಬುದು 22:12 ಎಂದು ತೋರುತ್ತದೆ. ಕೊನೆಗೆ 21.0975 ಮತ್ತು 42.195 ಎಂಬ ಎರಡು ಸಾಲುಗಳನ್ನು ಸೇರಿಸಬೇಕು. ಅವುಗಳ ಮುಂದೆ ಸರಿಯಾಗಿ 2:00:00 ಮತ್ತು 4:00:00 ಬಂದರೆ ಲೆಕ್ಕ ಸರಿ ಇದೆ ಎಂದರ್ಥ. ಪಟ್ಟಿಯ ಕೆಲವು ಮುಖ್ಯ ಸಾಲುಗಳು ಹೀಗಿರುತ್ತವೆ:

| ಕಿ.ಮೀ. | ಒಟ್ಟು ಸಮಯ |
|---|---|
| 1 | 0:05:41 |
| 5 | 0:28:26 |
| 10 | 0:56:53 |
| 15 | 1:25:19 |
| 20 | 1:53:45 |
| 25 | 2:22:12 |
| 30 | 2:50:38 |
| 35 | 3:19:05 |
| 40 | 3:47:31 |
| 42 | 3:58:53 |
| 42.195 | 4:00:00 |

42ನೇ ಫಲಕದ ನಂತರವೂ 195 ಮೀಟರ್ ಉಳಿದಿರುತ್ತದೆ, ಅದಕ್ಕೆ ಇದೇ ಪೇಸ್‌ನಲ್ಲಿ 67 ಸೆಕೆಂಡ್ ಬೇಕು. ಅದನ್ನು ಮರೆತು 42ನೇ ಸಾಲಿನಲ್ಲೇ ಗುರಿ ಸಮಯವನ್ನು ಬರೆದ ಪಟ್ಟಿ ಓಟಗಾರರನ್ನು ಒಂದು ನಿಮಿಷಕ್ಕೂ ಹೆಚ್ಚು ತಡಮಾಡಿಸುತ್ತದೆ.

ಗಡಿಯಾರದ ಜಿಪಿಎಸ್ ಪೇಸ್ ತೋರಿಸುತ್ತಿರುವಾಗ ಕಾಗದದ ಪಟ್ಟಿ ಏಕೆ ಎಂಬ ಪ್ರಶ್ನೆಗೆ ಉತ್ತರ ರಸ್ತೆಯನ್ನು ಅಳೆಯುವ ಕ್ರಮದಲ್ಲಿದೆ. ಅಧಿಕೃತ ಮಾರ್ಗವನ್ನು ಸೈಕಲ್‌ನ ಚಕ್ರಕ್ಕೆ ಜೋಡಿಸಿದ ಎಣಿಕೆ ಯಂತ್ರದಿಂದ, ತಿರುವುಗಳಲ್ಲಿ ಅಂಚಿಗೆ 30 ಸೆಂ.ಮೀ. ಹತ್ತಿರ ಸಾಗುವ ಅತಿ ಕಡಿಮೆ ದೂರದ ಗೆರೆಯಲ್ಲಿ ಅಳೆಯುತ್ತಾರೆ. ಮಾರ್ಗ ಎಲ್ಲೂ ಗಿಡ್ಡವಾಗಬಾರದೆಂದು ಸಾವಿರಕ್ಕೆ ಒಂದು ಪಾಲು, ಒಟ್ಟು 42 ಮೀಟರ್, ಹೆಚ್ಚಿಗೆ ಸೇರಿಸುತ್ತಾರೆ. ಓಟಗಾರರು ಆ ಗೆರೆಯ ಮೇಲೆಯೇ ಓಡಲಾರರು. ತಿರುವಿನಲ್ಲಿ ಹೊರಗೆ ಸರಿಯುತ್ತಾರೆ, ಮುಂದಿನವರನ್ನು ಬಳಸಿಕೊಂಡು ಹೋಗುತ್ತಾರೆ, ನೀರಿನ ಮೇಜಿನ ಕಡೆಗೆ ವಾಲುತ್ತಾರೆ. ಓಟ ಮುಗಿದಾಗ ಗಡಿಯಾರ 42.5 ಕಿ.ಮೀ. ತೋರಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಷ್ಟು ದೂರವನ್ನು 4 ಗಂಟೆಯಲ್ಲಿ ಮುಗಿಸಲು ಗಡಿಯಾರದ ಪೇಸ್ 5:39 ಇರಬೇಕು. ಗಡಿಯಾರದಲ್ಲಿ 5:41 ಕಂಡು ಸಮಾಧಾನದಿಂದ ಓಡಿದವರು ಗುರಿಗಿಂತ ಸುಮಾರು ಒಂದೂವರೆ ನಿಮಿಷ ತಡವಾಗಿ ಮುಗಿಸುತ್ತಾರೆ. ಪಟ್ಟಿಯ ಸಮಯ ರಸ್ತೆಬದಿಯ ಫಲಕಕ್ಕೆ ಕಟ್ಟಿದ್ದು. ಹೆಚ್ಚುವರಿ ದೂರಕ್ಕೆ ಹಿಡಿದ ಹೊತ್ತು ಫಲಕ ಮುಟ್ಟುವಷ್ಟರಲ್ಲಿ ಲೆಕ್ಕಕ್ಕೆ ಸೇರಿಯೇ ಇರುತ್ತದೆ. ಅದಕ್ಕಾಗಿ ಗಡಿಯಾರದ ಆಟೋ ಲ್ಯಾಪ್ ನಿಲ್ಲಿಸಿ, ಫಲಕದ ಬಳಿ ಗುಂಡಿ ಒತ್ತಿ, ಪರದೆಯ ಮೇಲೆ ಒಟ್ಟು ಸಮಯ ದೊಡ್ಡದಾಗಿ ಕಾಣುವಂತೆ ಇಟ್ಟುಕೊಳ್ಳುವುದು ವಾಡಿಕೆ.

ಎಲ್ಲ ಕಿ.ಮೀ.ಗಳಿಗೂ ಒಂದೇ ಸಮಯ ಕೊಡುವ ಪಟ್ಟಿ ಸಮತಟ್ಟಾದ ಮಾರ್ಗಕ್ಕೆ ಸರಿ. ಏರು ಇರುವ ಕಡೆ ಅದನ್ನೇ ಹಿಡಿದು ಓಡಿದರೆ, ಏರಿನಲ್ಲೂ ಅದೇ ಪೇಸ್ ಉಳಿಸಿಕೊಳ್ಳಲು ಹೋಗಿ ಕಾಲು ಸೋಲುತ್ತದೆ. ಮುಂಬೈ ಮ್ಯಾರಥಾನ್‌ನಲ್ಲಿ ಪೆಡ್ಡರ್ ರಸ್ತೆಯ ಏರು ಬರುವುದು 30 ಕಿ.ಮೀ. ದಾಟಿ ದೇಹ ದಣಿದ ಮೇಲೆ. ಶುರುವಿನ ಒಂದೆರಡು ಕಿ.ಮೀ.ಗಳಲ್ಲಿ ನೂಕುನುಗ್ಗಲಿನಿಂದಲೂ ವೇಗ ತಗ್ಗುತ್ತದೆ. ಇಂಥ ಕಡೆ ಮೊದಲೇ ಸಮಯ ಸೇರಿಸಿ, ಸೇರಿಸಿದ್ದನ್ನು ಉಳಿದ ದೂರದಿಂದ ಸಮನಾಗಿ ಕಳೆಯಬೇಕು.

ಮೊದಲ ಕಿ.ಮೀ.ಗೆ 15 ಸೆಕೆಂಡ್, ಎರಡನೆಯದಕ್ಕೆ 8 ಸೆಕೆಂಡ್, ಏರು 36ನೇ ಕಿ.ಮೀ.ಯಲ್ಲಿ ಬೀಳುವ ಮಾರ್ಗವಾದರೆ ಅದಕ್ಕೆ 20 ಸೆಕೆಂಡ್ ಎಂದಿಟ್ಟುಕೊಂಡರೆ, ಸೇರಿಸಿದ್ದು ಒಟ್ಟು 43 ಸೆಕೆಂಡ್. ಉಳಿದ 39.195 ಕಿ.ಮೀ.ಗೆ ಹಂಚಿದಾಗ ಪ್ರತಿ ಕಿ.ಮೀ.ಯಿಂದ ಸುಮಾರು 1.1 ಸೆಕೆಂಡ್ ಕಳೆಯಬೇಕಾಗುತ್ತದೆ. ಆಗ ಸಾಮಾನ್ಯ ಕಿ.ಮೀ.ಗೆ 5:40 ಸಾಕು. ಹೊಸ ಪಟ್ಟಿಯಲ್ಲಿ ಮೊದಲ ಫಲಕಕ್ಕೆ 5:56, ಹತ್ತನೆಯದಕ್ಕೆ 57:07. ಸಮ ಪಟ್ಟಿಗಿಂತ ಇದು 14 ಸೆಕೆಂಡ್ ತಡ, ಆದರೆ ಗಾಬರಿಪಡಬೇಕಾದ್ದೇನೂ ಇಲ್ಲ. 35ರ ಹೊತ್ತಿಗೆ ಅದೇ ಪಟ್ಟಿ 3:18:51 ತೋರಿಸಿ 14 ಸೆಕೆಂಡ್ ಮುಂದಿರುತ್ತದೆ. ಏರು ಅದನ್ನು ತಿಂದು, 36ರಲ್ಲಿ 7 ಸೆಕೆಂಡ್ ಹಿಂದೆ ಬೀಳಿಸುತ್ತದೆ. ಆಮೇಲಿನ ಆರು ಕಿ.ಮೀ.ಗಳಲ್ಲಿ ಆ ಬಾಕಿಯೂ ತೀರಿ ಎರಡೂ ಪಟ್ಟಿಗಳು 4:00:00ಕ್ಕೆ ಸೇರುತ್ತವೆ. ಸೇರಿಸುವ ಸೆಕೆಂಡುಗಳನ್ನು ಊಹೆಯಿಂದ ಬರೆಯುವುದಕ್ಕಿಂತ, ಅಂಥದೇ ಏರಿನಲ್ಲಿ ಅಭ್ಯಾಸ ಮಾಡುವಾಗ ಎಷ್ಟು ನಿಧಾನವಾಗುತ್ತದೆಂದು ನೋಡಿ ಬರೆಯುವುದು ಮೇಲು.

ಇನ್ನು ಕಾಗದದ ಕೆಲಸ. ಮಣಿಕಟ್ಟಿನ ಸುತ್ತಳತೆಯನ್ನು ದಾರದಿಂದ ಅಳೆದು, ಅದಕ್ಕೆ 2 ಸೆಂ.ಮೀ. ಸೇರಿಸಿದರೆ ಪಟ್ಟಿಯ ಉದ್ದ ಸಿಗುತ್ತದೆ. 42 ಸಾಲುಗಳನ್ನು ಒಂದೇ ಕಾಲಂನಲ್ಲಿ ತುರುಕಿದರೆ ಪ್ರತಿ ಸಾಲಿಗೆ 4 ಮಿ.ಮೀ. ಮಾತ್ರ ಉಳಿಯುತ್ತದೆ, ಓಡುವಾಗ ಅದನ್ನು ಓದಲಾಗದು. 1ರಿಂದ 21 ಎಡಕ್ಕೆ, 22ರಿಂದ 42 ಬಲಕ್ಕೆ ಬರುವಂತೆ ಎರಡು ಕಾಲಂ ಮಾಡಿದರೆ 6 ಮಿ.ಮೀ. ಎತ್ತರದ 21 ಸಾಲುಗಳು ಸುಮಾರು 13 ಸೆಂ.ಮೀ.ಯಲ್ಲಿ ಹಿಡಿಯುತ್ತವೆ. ಗಡಿಯಾರ ನೋಡುವಂತೆ ಕೈಯನ್ನು ಎದೆಯ ಮುಂದೆ ಹಿಡಿದಾಗ ಅಕ್ಷರಗಳು ಮುಂಗೈಯ ಉದ್ದಕ್ಕೂ ಓದುವಂತಿರಬೇಕು, ಸಾಲುಗಳು ಮಣಿಕಟ್ಟನ್ನು ಸುತ್ತಿಕೊಂಡು ಬರಬೇಕು. ಒಮ್ಮೆಗೆ ಕಾಣುವುದು ಏಳೆಂಟು ಸಾಲು ಮಾತ್ರವಾದ್ದರಿಂದ, ತಿರುಗಿಸಲು ಬರುವಷ್ಟು ಸಡಿಲ ಬೇಕು. ಐದರ ಗುಣಕಗಳನ್ನು ದಪ್ಪ ಅಕ್ಷರದಲ್ಲಿ ಇಟ್ಟರೆ ಕಣ್ಣು ಬೇಗ ನಿಲ್ಲುತ್ತದೆ.

ಇಂಕ್‌ಜೆಟ್ ಪ್ರಿಂಟರಿನ ಶಾಯಿ ಬೆವರಿಗೆ ಕದಡುವುದರಿಂದ ಲೇಸರ್ ಪ್ರಿಂಟ್ ಒಳ್ಳೆಯದು. ಕಾಗದದ ಎರಡೂ ಬದಿಗೆ ಅಗಲವಾದ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ, ಟೇಪ್ ಕಾಗದದ ಅಂಚಿನಿಂದ 3 ಮಿ.ಮೀ. ಹೊರಗೆ ಉಳಿಯುವಂತೆ ಕತ್ತರಿಸಬೇಕು. ಕಾಗದದ ಅಂಚಿಗೇ ಕತ್ತರಿಸಿದರೆ ಬೆವರು ಅಲ್ಲಿಂದ ಒಳನುಗ್ಗಿ, ಅರ್ಧ ದಾರಿಯಲ್ಲೇ ಪಟ್ಟಿ ಮೆತ್ತಗಾಗುತ್ತದೆ. ಮೂಲೆಗಳನ್ನು ದುಂಡಗೆ ಮಾಡದಿದ್ದರೆ ಟೇಪಿನ ತುದಿ ಚರ್ಮವನ್ನು ಕೆರೆಯುತ್ತದೆ. ಇದೆಲ್ಲ ಗೊತ್ತಾಗುವುದು ಒಂದು ಉದ್ದ ಓಟದಲ್ಲಿ ಕಟ್ಟಿಕೊಂಡು ನೋಡಿದಾಗಲೇ.

ಓಟದ ದಿನ ಗಡಿಯಾರವನ್ನು ಶುರುವಿನ ಗೆರೆಯ ಮ್ಯಾಟ್ ದಾಟುವಾಗ ಒತ್ತಬೇಕು, ಗುಂಡಿನ ಸದ್ದಿಗೆ ಅಲ್ಲ. ದೊಡ್ಡ ಓಟಗಳಲ್ಲಿ ಹಿಂದೆ ನಿಂತವರು ಗೆರೆ ಮುಟ್ಟಲು ಹಲವು ನಿಮಿಷ ಹಿಡಿಯುತ್ತದೆ. ರಸ್ತೆಬದಿಯ ದೊಡ್ಡ ಗಡಿಯಾರಗಳು ತೋರಿಸುವುದು ಗುಂಡಿನ ಸಮಯವನ್ನೇ, ಅವನ್ನು ಪಟ್ಟಿಗೆ ಹೋಲಿಸಿದರೆ ಓಟಗಾರರಿಗೆ ಸುಮ್ಮನೆ ತಡವಾದಂತೆ ಕಾಣುತ್ತದೆ. ಒಂದು ಫಲಕದಲ್ಲಿ 20 ಸೆಕೆಂಡ್ ತಡವಾಗಿ, ಮುಂದಿನದರಲ್ಲಿ ಅಷ್ಟೇ ಬೇಗ ಬಂದರೆ ತಪ್ಪಿದ್ದು ಕಾಲಲ್ಲ, ಫಲಕವನ್ನು ನಿಲ್ಲಿಸಿದ ಜಾಗ. ಎರಡು ಮೂರು ಫಲಕಗಳಲ್ಲಿ ಅಂತರ ಹಾಗೆಯೇ ಉಳಿದರೆ ಮಾತ್ರ ವೇಗವನ್ನು ಸರಿಪಡಿಸಬೇಕು. ಅದನ್ನೂ ನಿಧಾನವಾಗಿ ಮಾಡಬೇಕು. 15ನೇ ಕಿ.ಮೀ.ಯಲ್ಲಿ 40 ಸೆಕೆಂಡ್ ಹಿಂದಿರುವವರು ಉಳಿದ 27 ಕಿ.ಮೀ.ಗಳಲ್ಲಿ ತಲಾ ಒಂದೂವರೆ ಸೆಕೆಂಡ್ ಗಳಿಸಿದರೆ ಸಾಕಾಗುತ್ತದೆ. ಒಂದೇ ಕಿ.ಮೀ.ಯಲ್ಲಿ ಅಷ್ಟನ್ನೂ ಹಿಡಿಯಲು ಓಡಿದವರು 30ರ ನಂತರ ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ.

ಬಾಸ್ಟನ್, ನ್ಯೂಯಾರ್ಕ್‌ನಂಥ ಅಮೆರಿಕದ ಓಟಗಳಲ್ಲಿ ಫಲಕಗಳು ಮೈಲಿಗೊಂದರಂತೆ ಇರುತ್ತವೆ, ಕಿ.ಮೀ. ಗುರುತು ಐದು ಕಿ.ಮೀ.ಗೊಮ್ಮೆ ಸಿಕ್ಕರೆ ಹೆಚ್ಚು. ಅಲ್ಲಿ ಓಡುವವರು ಪಟ್ಟಿಯನ್ನು ಮೈಲಿಯಲ್ಲೇ ಮಾಡಿಕೊಳ್ಳಬೇಕು. ಹಾಗೆಯೇ ಪಟ್ಟಿಗೆ ಆ ದಿನದ ಹವೆಯ ಅರಿವಿಲ್ಲ. ಸೆಕೆಯ ದಿನ ಬಂದರೆ ಓಟದ ಹಿಂದಿನ ರಾತ್ರಿಯೇ ಗುರಿಯನ್ನು ಸಡಿಲಿಸಿ, ಸೂತ್ರದಲ್ಲಿರುವ 14400ನ್ನು ಬದಲಿಸಿ, ಹೊಸ ಪಟ್ಟಿಯನ್ನು ಮುದ್ರಿಸಬೇಕಾಗುತ್ತದೆ.