ಹಡಗಿನ ಅಡುಗೆಯವನ ಗುಟ್ಟಿನ ಸಾಲ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಆಟ. ಕೆಲವರು ಮೇಜಿನ ಸುತ್ತ ಕೂತು, ತಲಾ ಒಂದೊಂದು ಪಾತ್ರವಾಗಿ ಮಾತಾಡುತ್ತ, ದಾಳ ಉರುಳಿಸುತ್ತ ಕಥೆ ಕಟ್ಟುತ್ತಾರೆ. ಆಟ ನಡೆಸುವವರು ಡಂಜನ್ ಮಾಸ್ಟರ್. ಶುರುವಿಗೆ ಮುಂಚೆ ಆಟಗಾರರು ತಮ್ಮ ಪಾತ್ರದ ಪೂರ್ವಕಥೆಯನ್ನು ಬರೆದು ಅವರ ಕೈಗೆ ಕೊಡುವುದುಂಟು.

ನಿಮ್ಮ ಪಾತ್ರ ಹಡಗಿನಿಂದ ನಿವೃತ್ತನಾದ ಅಡುಗೆಯವ, ಅವನ ತಲೆಯ ಮೇಲೊಂದು ಗುಟ್ಟಿನ ಸಾಲವಿದೆ ಎಂದುಕೊಳ್ಳಿ. ಆ ಸಾಲ ಅವನ ಒಲೆಯಿಂದಲೇ ಹುಟ್ಟಬೇಕು. ಜೂಜಿನ ಸಾಲವಾದರೆ ಅದು ಯಾವ ನಾವಿಕನಿಗೂ ಹೊಂದುತ್ತದೆ, ಅವನು ಅಡುಗೆಯವನಾಗಿದ್ದು ವ್ಯರ್ಥ.

ಇಲ್ಲಿ ಇತಿಹಾಸ ನೆರವಿಗೆ ಬರುತ್ತದೆ. ಹಾಯಿಹಡಗುಗಳ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಅಡುಗೆ ಕೆಲಸ ಹೆಚ್ಚಾಗಿ ಯುದ್ಧದಲ್ಲಿ ಕೈಯೋ ಕಾಲೋ ಕಳೆದುಕೊಂಡ ಹಳೆಯ ನಾವಿಕರಿಗೆ ಸಿಗುತ್ತಿತ್ತು. ಉಪ್ಪು ಹಾಕಿಟ್ಟ ಮಾಂಸ ಬೇಯಿಸುವಾಗ ಕಡಾಯಿಯಲ್ಲಿ ತೇಲುವ ಕೊಬ್ಬನ್ನು ತೆಗೆದಿಟ್ಟು, ದಡದಲ್ಲಿ ಮೇಣದಬತ್ತಿ ಮಾಡುವವರಿಗೆ ಮಾರುವುದು ಅಡುಗೆಯವನ ಮೇಲಾದಾಯ. ಆದರೆ ಅದೇ ಕೊಬ್ಬು ಹಡಗಿನ ಹಗ್ಗ, ಕಂಬಗಳಿಗೆ ಸವರಲೂ ಬೇಕಿತ್ತು.

ಕಥೆಯ ಎಳೆ ಅಲ್ಲೇ ಇದೆ. ನಮ್ಮ ಮುದುಕ ಮೇಣದಬತ್ತಿ ವ್ಯಾಪಾರಿಯಿಂದ 200 ಚಿನ್ನದ ನಾಣ್ಯ ಮುಂಗಡ ಪಡೆದು, ಅದನ್ನು ತೀರಿಸಲು ಹಗ್ಗಕ್ಕೆ ಮೀಸಲಿದ್ದ ಕೊಬ್ಬನ್ನೂ ಮಾರಿಬಿಟ್ಟ. ಒಣಗಿದ ಹಗ್ಗ ಬಿರುಗಾಳಿಗೆ ಹರಿದು, ಎಳೆಯ ನಾವಿಕನೊಬ್ಬ ಸಮುದ್ರ ಪಾಲಾದ. ಮುಂಗಡದ ಪತ್ರ ಇನ್ನೂ ವ್ಯಾಪಾರಿಯ ಹತ್ತಿರವಿದೆ. ಸತ್ತ ಹುಡುಗನ ತಾಯಿಗೆ ಮುದುಕ ಹೆಸರು ಹೇಳದೆ ಹಣ ಕಳಿಸುತ್ತಾನೆ.

ಸಾಲದ ಮೊತ್ತವನ್ನು ಯೋಚಿಸಿ ಇಡಬೇಕು. 2014ರ ಆವೃತ್ತಿಯಲ್ಲಿ ನಾವಿಕ ಹಿನ್ನೆಲೆಯ ಪಾತ್ರದ ಚೀಲದಲ್ಲಿ ಮೊದಲಿಗೆ ಇರುವುದು 10 ಚಿನ್ನದ ನಾಣ್ಯ. ಸಾಲ 30 ಆದರೆ ಮೊದಲ ನಿಧಿಯಲ್ಲೇ ತೀರಿಹೋಗುತ್ತದೆ. 20,000 ಆದರೆ ಎಂದೂ ತೀರುವಂತೆ ಕಾಣದೆ ಎಲ್ಲರೂ ಮರೆಯುತ್ತಾರೆ. 200ನ್ನು ಕೆಲವು ಸಾಹಸಗಳ ನಂತರ ತೀರಿಸಬಹುದು. ಆಮೇಲೂ ತಾಯಿಯ ಋಣ ಉಳಿಯುತ್ತದೆ, ಕಥೆಯ ನಿಜವಾದ ಭಾರ ಅದೇ.

ಗುಟ್ಟು ಕಾಗದದಲ್ಲೇ ಹೂತುಹೋಗುವುದು ಇಂಥ ಪೂರ್ವಕಥೆಗಳ ದೊಡ್ಡ ದೋಷ. ಡಂಜನ್ ಮಾಸ್ಟರ್‌ಗೆ ಎಲ್ಲವೂ ಗೊತ್ತಿರಲಿ. ಜೊತೆಯ ಆಟಗಾರರಿಗೆ ಸುಳಿವು ಮಾತ್ರ ಸಿಗಲಿ. ಮುದುಕ ಯಾವ ಹಗ್ಗ ಹಿಡಿದರೂ ಮೊದಲು ಹೆಬ್ಬೆರಳಿನಿಂದ ಉಜ್ಜಿ ನೋಡಲಿ. ಪ್ರತಿ ಬಂದರಿನಲ್ಲೂ ಅರ್ಧ ದಿನ ಕಾಣೆಯಾಗಲಿ. ಇನ್ನೊಬ್ಬ ಆಟಗಾರ ಒಪ್ಪಿದರೆ ಅವನ ಪಾತ್ರವೇ ಸತ್ತ ಹುಡುಗನ ಅಣ್ಣನಾಗಲಿ. ಆದರೆ ಇದನ್ನು ಡಂಜನ್ ಮಾಸ್ಟರ್ ಮೂಲಕ ಮೊದಲೇ ಕೇಳಿಕೊಳ್ಳಬೇಕು, ಆಟದ ನಡುವೆ ಹೇರಬಾರದು.

ಇಷ್ಟಕ್ಕೆಲ್ಲ ಒಂದು ಪುಟ ಸಾಕು. ತಾಯಿಗೆ ನಿಜ ತಿಳಿಯುವ ದೃಶ್ಯವನ್ನು ಮಾತ್ರ ನೀವೇ ಬರೆದು ಮುಗಿಸಬೇಡಿ, ಅದನ್ನು ಆಟಕ್ಕೆ ಬಿಟ್ಟುಕೊಡಿ.